ಒಂದು ವರ್ಷ ತುಂಬಿದ ಮಗು: ಹುಡಿ ಹಾಲಿನಿಂದ ದನದ ಹಾಲಿಗೆ ಬರುವಾಗ 'ಎಷ್ಟು' ಅನ್ನುವ ಪ್ರಶ್ನೆ

ನ್ಯೂಟ್ರಿಷನಿಸ್ಟ್, ಬದಿಯಡ್ಕ

ಹೊಸ ಅಪ್ಪ ಅಮ್ಮಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮಗುವಿನ ಮೊದಲ ಬರ್ತ್‌ಡೇ ಕಳೆದ ಕೂಡಲೇ ನನ್ನಲ್ಲಿಗೆ ಬರುವವರು ಕೇಳುವುದು ಒಂದೇ: "ಮೇಡಂ, ಇನ್ನು ಡಬ್ಬಿಯ ಹುಡಿ ಬಿಡಿಸಿ ದನದ ಹಾಲು ಕೊಡಬಹುದಾ?" ಕೊಡಬಹುದು. 12 ತಿಂಗಳು ತುಂಬಿದ, ಆರೋಗ್ಯವಾಗಿರುವ, ಊಟ ತಿನ್ನಲು ಕಲಿತ ಮಗುವಿಗೆ ಡಬ್ಬಿ ಬೇಕಿಲ್ಲ. 'ಸ್ಟೇಜ್ 3' ಅಂತ ಬರೆದ ಡಬ್ಬಿಯೂ ಬೇಕಿಲ್ಲ. ಎದೆಹಾಲು ಇದ್ದರೆ ಅದನ್ನು ಎರಡು ವರ್ಷದವರೆಗೂ, ಆಮೇಲೂ ಮುಂದುವರಿಸಿ. ಆ ತಾಯಂದಿರಿಗೆ ಈ ಲೆಕ್ಕ ಬೇರೆ.

ಆದರೆ ದಿನಕ್ಕೆ ಎಷ್ಟು ಕೊಡಬೇಕು ಅಂತ ಯಾರೂ ಕೇಳುವುದಿಲ್ಲ. ತೊಂದರೆ ಶುರುವಾಗುವುದೇ ಅಲ್ಲಿ. ಹುಡಿ ಹಾಲಿಗೆ ಕಂಪನಿಯವರು ಕಬ್ಬಿಣದ ಅಂಶ ಸೇರಿಸಿರುತ್ತಾರೆ. ದನದ ಹಾಲಿನಲ್ಲಿ ಅದು ಲೀಟರಿಗೆ ಸುಮಾರು ಅರ್ಧ ಮಿಲಿಗ್ರಾಂ ಮಾತ್ರ. ಅದರಲ್ಲೂ ಮೈಗೆ ಹತ್ತುವುದು ಸ್ವಲ್ಪವೇ. 1ರಿಂದ 3 ವರ್ಷದ ಮಗುವಿಗೆ ಐಸಿಎಂಆರ್ ಹೇಳುವುದು ದಿನಕ್ಕೆ 8 ಮಿಲಿಗ್ರಾಂ. ಹುಡಿ ನಿಲ್ಲಿಸಿದ ದಿನದಿಂದ ಇದು ಪೂರ್ತಿ ಊಟದಿಂದಲೇ ಬರಬೇಕು. ಬಾಟಲಿಗೆ ಬಾಟಲಿ ಅಂತ ಅಷ್ಟೇ ದನದ ಹಾಲು ಕೊಟ್ಟರೆ ಮಗುವಿನ ಹೊಟ್ಟೆ ತುಂಬಿರುತ್ತದೆ, ಊಟಕ್ಕೆ ಜಾಗವೇ ಇರುವುದಿಲ್ಲ. ಅದರ ಮೇಲೆ, ಹಾಲಿನ ಕ್ಯಾಲ್ಸಿಯಂ ಊಟದ ಕಬ್ಬಿಣವನ್ನೂ ಸರಿಯಾಗಿ ಹೀರಲು ಬಿಡುವುದಿಲ್ಲ.

ಅದಕ್ಕೇ ನನ್ನ ಮಿತಿ ದಿನಕ್ಕೆ 400ರಿಂದ 500 ಎಂಎಲ್. ಮೊಸರು, ಮಣ್ಣಿಗೆ ಹಾಕುವ ಹಾಲು ಎಲ್ಲ ಸೇರಿ ಇಷ್ಟು.

ಸೀತಾಂಗೋಳಿ ಕಡೆಯ ಒಂದು ಮಗುವಿನ ಲೆಕ್ಕ ಹೇಳುತ್ತೇನೆ. ಮನೆಯವರು ಒಪ್ಪಿದ್ದಾರೆ. ಹೆಣ್ಣು ಮಗು, 13 ತಿಂಗಳು, 9 ಕೆಜಿ. ದಿನಕ್ಕೆ 210 ಎಂಎಲ್‌ನ ನಾಲ್ಕು ಬಾಟಲಿ: ಬೆಳಿಗ್ಗೆ ಎದ್ದ ಕೂಡಲೇ, 11 ಗಂಟೆಗೆ, ಸಂಜೆ, ಮಲಗುವಾಗ. ಒಟ್ಟು 840. ಮಧ್ಯಾಹ್ನ ನಾಲ್ಕು ಚಮಚ ಅನ್ನ ತೊವ್ವೆ, ಸಂಜೆ ಅಜ್ಜನ ಚಾಯದಲ್ಲಿ ಅದ್ದಿದ ಬಿಸ್ಕತ್ತು. ಊಟ ಅಂದರೆ ಅಷ್ಟೇ. ಅವರ ಡಬ್ಬಿಯ ಲೇಬಲ್ ಪ್ರಕಾರ 100 ಎಂಎಲ್ ಹಾಲಿನಲ್ಲಿ ಕಬ್ಬಿಣ ಸುಮಾರು 0.8 ಮಿಲಿಗ್ರಾಂ. ನಾಲ್ಕು ಬಾಟಲಿಗೆ 6.7 ಆಯಿತು. ಊಟ ಕಡಿಮೆಯಾದರೂ ಮಗು ಇದುವರೆಗೆ ಸುಧಾರಿಸಿದ್ದು ಇದರಿಂದ. ಈಗ ಅಷ್ಟನ್ನೂ ದನದ ಹಾಲು ಮಾಡಿದರೆ ಸಿಗುವುದು 0.4 ಮಾತ್ರ. ಹಾಲಿನ ಬಣ್ಣ ಅದೇ, ಅಳತೆ ಅದೇ, ಮಗು ಕುಡಿದು ನಗುತ್ತಾ ಇರುತ್ತದೆ. ಮನೆಯಲ್ಲಿ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ನಾವು ಮಾಡಿದ್ದು ಹೀಗೆ. ಮೊದಲ ವಾರ ಹಾಲು ಬದಲಿಸಲೇ ಇಲ್ಲ. 11 ಗಂಟೆಯ ಬಾಟಲಿಯನ್ನು ಮಾತ್ರ ತೆಗೆದೆವು. ಆ ಹೊತ್ತಿಗೆ ಬೇಯಿಸಿದ ಮೊಟ್ಟೆ, ಇಲ್ಲವೇ ಹಣ್ಣು. ಎರಡು ದಿನ ರಂಪ ಮಾಡಿತು. ಆಮೇಲೆ ಮಧ್ಯಾಹ್ನ 12.30ಕ್ಕೆ ನಿಜವಾಗಿ ಹಸಿವಾಗತೊಡಗಿತು. ಅಳತೆಯನ್ನೂ ಹಾಲನ್ನೂ ಒಟ್ಟಿಗೆ ಬದಲಿಸಿದರೆ, ಹೊಟ್ಟೆ ಕೆಟ್ಟಾಗ ಯಾವುದರಿಂದ ಅಂತ ತಿಳಿಯುವುದಿಲ್ಲ.

ಎರಡನೇ ವಾರ ಬೆಳಗಿನ ಹಾಲು. ಅದನ್ನು 150ಕ್ಕೆ ಇಳಿಸಿದೆವು. ಅವರ ಹುಡಿಗೆ 30 ಎಂಎಲ್ ನೀರಿಗೆ ಒಂದು ಸ್ಕೂಪ್. ಮೊದಲ ಎರಡು ದಿನ 120 ನೀರಿಗೆ 4 ಸ್ಕೂಪ್ ಹಾಕಿ ಹಾಲು ಮಾಡಿಕೊಂಡು, ಅದಕ್ಕೆ ಕುದಿಸಿ ಆರಿಸಿದ ದನದ ಹಾಲು 30. ಮುಂದಿನ ಎರಡು ದಿನ 90 ನೀರಿಗೆ 3 ಸ್ಕೂಪ್, ದನದ ಹಾಲು 60. ಆಮೇಲೆ 2 ಸ್ಕೂಪ್, ಆಮೇಲೆ 1, ಆಮೇಲೆ ಪೂರ್ತಿ ದನದ ಹಾಲು. ಬೆಳಗಿನದ್ದು ಸರಿಯಾದ ಮೇಲೆ ಸಂಜೆಯದ್ದು. ರಾತ್ರಿಯದ್ದು ಕೊನೆಗೆ, ಯಾಕೆಂದರೆ ಮಕ್ಕಳು ಹಟ ಹಿಡಿಯುವುದು ಅದಕ್ಕೇ. ಹಗಲಿನ ಹಾಲು ಮೊದಲ ದಿನದಿಂದಲೇ ಸಣ್ಣ ಲೋಟದಲ್ಲಿ. ಕೊನೆಗೆ 150ರಂತೆ ಮೂರು ಹೊತ್ತು, 450. ಊಟಕ್ಕೂ ಹಾಲಿಗೂ ನಡುವೆ ಒಂದು ಗಂಟೆಗಿಂತ ಜಾಸ್ತಿ ಅಂತರ. ಚಾಯ ಬಂದ್. ಹಾಲಿಗೆ ಸಕ್ಕರೆ ಇಲ್ಲ.

ಎಲ್ಲ ಮಕ್ಕಳಿಗೂ ಇಷ್ಟು ನಿಧಾನ ಬೇಕಿಲ್ಲ. ಕೆಲವರು ಮೊದಲ ದಿನವೇ ಲೋಟ ಖಾಲಿ ಮಾಡುತ್ತಾರೆ. ಹಾಗಿದ್ದರೆ ಸುಮ್ನೆ ಎಳೆಯಬೇಡಿ.

---

ಉಪ್ಪಳದ ಅಪ್ಪ

ಮೇಡಂ, ನಾನು ಶಾರ್ಜಾದಲ್ಲಿ ಇರುವುದು. ಮಗ ಊರಲ್ಲಿ, 14 ತಿಂಗಳು. ದನದ ಹಾಲಿನ ರುಚಿ ಹಿಡಿಸುತ್ತಿಲ್ಲ, ಉಗಿಯುತ್ತಾನೆ. ಹಾಗಾಗಿ ಹೆಂಡತಿ ಕುದಿಸಿದ ದನದ ಹಾಲಿಗೇ ಮೂರು ಸ್ಕೂಪ್ ಹುಡಿ ಹಾಕಿ ಕಲಸಿ ಕೊಡುತ್ತಿದ್ದಾಳೆ. ರುಚಿಯೂ ಆಯಿತು, ಮೈಯೂ ಹಿಡಿಯುತ್ತದೆ ಅಂತ ಅವಳ ಅಭಿಪ್ರಾಯ. ಈಗ ಕುಡಿಯುತ್ತಾನೆ. ಇದು ನೀವು ಹೇಳಿದ ಮಿಕ್ಸ್ ಅಲ್ವಾ?

ನ್ಯೂಟ್ರಿಷನಿಸ್ಟ್, ಬದಿಯಡ್ಕ

ಅಲ್ಲ ಅಣ್ಣ. ಇವತ್ತೇ ಫೋನ್ ಮಾಡಿ ನಿಲ್ಲಿಸಲು ಹೇಳಿ. ಹುಡಿಯನ್ನು ಯಾವತ್ತೂ ನೀರಿನಲ್ಲೇ, ಲೇಬಲ್‌ನಲ್ಲಿ ಬರೆದ ಅಳತೆಯಲ್ಲೇ ಕಲಸಬೇಕು. ಹಾಗೆ ತಯಾರಾದ ಹಾಲಿಗೆ ದನದ ಹಾಲು ಸೇರಿಸುವುದು. ಹಾಲಿಗೇ ಹುಡಿ ಹಾಕಿದರೆ ಹಾಲಿನದ್ದೂ ಹುಡಿಯದ್ದೂ ಪ್ರೋಟೀನ್, ಉಪ್ಪಿನಂಶ ಒಂದೇ ಲೋಟದಲ್ಲಿ ಸೇರುತ್ತದೆ, ಅದಕ್ಕೆ ತಕ್ಕ ನೀರು ಇರುವುದಿಲ್ಲ. ಅದನ್ನು ಹೊರಗೆ ಹಾಕಲು ಮಗುವಿನ ಕಿಡ್ನಿ ಮೈಯ ನೀರನ್ನೇ ಬಳಸಬೇಕು. ಆರಾಮವಾಗಿರುವಾಗ ಹೇಗೋ ನಡೆಯುತ್ತದೆ. ಏಪ್ರಿಲ್ ಸೆಕೆಯಲ್ಲಿ ಜ್ವರವೋ ಭೇದಿಯೋ ಬಂದರೆ ಮಗು ಬೇಗ ಬಾಡಿ ಹೋಗುತ್ತದೆ.

ಮೂತ್ರ ಕಡಿಮೆಯಾಗಿದೆಯಾ, ಗಾಢ ಹಳದಿ ಇದೆಯಾ, ಮಲ ಆಡಿನ ಹಿಕ್ಕೆಯ ಹಾಗೆ ಗಟ್ಟಿ ಉಂಡೆಯಾಗಿದೆಯಾ ಅಂತ ಮನೆಯವರನ್ನು ಕೇಳಿ. ಹೌದು ಅಂದರೆ ಡಾಕ್ಟರಿಗೆ ತೋರಿಸುವುದು ಒಳ್ಳೆಯದು.

ರುಚಿಯ ವಿಷಯಕ್ಕೆ ಬಂದರೆ, ಹುಡಿ ಹಾಲು ದನದ ಹಾಲಿಗಿಂತ ಸಿಹಿ. ಅದಕ್ಕೇ ಉಗಿಯುವುದು. 4-3-2-1 ಸ್ಕೂಪ್ ದಾರಿ ಇಂಥ ಮಕ್ಕಳಿಗೇ ಇರುವುದು. ಒಂದೊಂದು ಮೆಟ್ಟಿಲಿಗೆ ಎರಡು ದಿನದ ಬದಲು ನಾಲ್ಕು ದಿನ ತೆಗೆದುಕೊಳ್ಳಿ. ಅವನು ಕುಡಿಯುತ್ತಿದ್ದ ಹದ ಬೆಚ್ಚಗೇ ಇರಲಿ. ಕೆನೆ ಬಾಯಿಗೆ ಸಿಕ್ಕಿದರೂ ಕೆಲವು ಮಕ್ಕಳಿಗೆ ಆಗುವುದಿಲ್ಲ, ಸೋಸಿ ಕೊಡಿ.

ಉಪ್ಪಳದ ಅಪ್ಪ

ಈಗಲೇ ಮಾತಾಡಿದೆ. ಮೂತ್ರ ಸರಿ ಇದೆಯಂತೆ, ಮಲ ಮಾತ್ರ ಎರಡು ದಿನಕ್ಕೊಮ್ಮೆ, ಗಟ್ಟಿ. ಹೆಂಡತಿ ಹೇಳುತ್ತಾಳೆ, ಮೆಡಿಕಲ್ ಶಾಪಿನಲ್ಲಿ ಯಾರೋ ಹೀಗೆ ಹಾಕಿ ಅಂದಿದ್ದರಂತೆ. ನಾಳೆ ಡಾಕ್ಟರಲ್ಲಿಗೆ ಹೋಗುತ್ತಾರೆ.

---

ಪೆರ್ಲದ ಅಜ್ಜಿ

ಮಗಳೇ, ನಾನು ನಾಲ್ಕು ಮಕ್ಕಳನ್ನು, ಆರು ಮೊಮ್ಮಕ್ಕಳನ್ನು ನೋಡಿದವಳು. ದನದ ಹಾಲು ಮಕ್ಕಳಿಗೆ ದಪ್ಪ. ಅರ್ಧಕ್ಕರ್ಧ ನೀರು ಹಾಕಿ, ಒಂದು ಚೂರು ಕಲ್ಲುಸಕ್ಕರೆ ಹಾಕಿ ಕುದಿಸಿ ಕೊಡುತ್ತಿದ್ದೆವು. ನೀವು ನೀರಿನ ಸುದ್ದಿಯೇ ಎತ್ತಿಲ್ಲ. ಈಗಿನ ಮಕ್ಕಳಿಗೆ ದಪ್ಪ ಹಾಲು ಜೀರ್ಣ ಆಗುತ್ತದಾ?

ನ್ಯೂಟ್ರಿಷನಿಸ್ಟ್, ಬದಿಯಡ್ಕ

ಅಜ್ಜಿ, ನಿಮ್ಮ ಕಾಲದಲ್ಲಿ ಎದೆಹಾಲು ಸಾಲದಿದ್ದರೆ ಮೂರು ನಾಲ್ಕು ತಿಂಗಳ ಶಿಶುವಿಗೇ ದನದ ಹಾಲು ಕೊಡಬೇಕಾಗುತ್ತಿತ್ತು. ಅಷ್ಟು ಸಣ್ಣ ಮಗುವಿಗೆ ಅದು ನಿಜವಾಗಿಯೂ ಭಾರ, ನೀರು ಸೇರಿಸಿದ್ದಕ್ಕೆ ಕಾರಣ ಇತ್ತು. ಒಂದು ವರ್ಷ ದಾಟಿದ ಮಗುವಿಗೆ ಆ ಕಾರಣ ಇಲ್ಲ. 150 ಎಂಎಲ್ ಲೋಟದಲ್ಲಿ ಅರ್ಧ ನೀರಾದರೆ ಕ್ಯಾಲರಿಯೂ ಅರ್ಧ, ಪ್ರೋಟೀನೂ ಅರ್ಧ. ಹೊಟ್ಟೆ ಮಾತ್ರ ಪೂರ್ತಿ ತುಂಬುತ್ತದೆ. ನೀರು ಬೇರೆ ಕೊಡೋಣ, ಹಾಲು ಹಾಲಾಗಿಯೇ ಇರಲಿ. ಕಲ್ಲುಸಕ್ಕರೆಯೂ ಬೇಡ ಅಜ್ಜಿ. ರಾತ್ರಿ ಬಾಯಲ್ಲಿ ಬಾಟಲಿ ಇಟ್ಟುಕೊಂಡೇ ಮಲಗುವ ಮಕ್ಕಳ ಮೇಲಿನ ಮುಂದಿನ ಹಲ್ಲು ಕಂದಾಗಿ ಸವೆದಿರುವುದನ್ನು ನೋಡಿ ನೋಡಿ ಬೇಸರವಾಗಿದೆ.

ಪೆರ್ಲದ ಅಜ್ಜಿ

ಹಲ್ಲಿನ ಮಾತು ಒಪ್ಪಿದೆ. ನೀರಿನದ್ದು ಸೊಸೆ ಹತ್ತಿರ ಕೇಳಿ ನೋಡುತ್ತೇನೆ. ನನಗೆ ಅಷ್ಟು ಸಮಾಧಾನ ಇಲ್ಲ.

---

ಮುಳ್ಳೇರಿಯದ ಹಟ್ಟಿ

ಪ್ಯಾಕೆಟ್ ಹಾಲಿನ ವಿಷಯ ಬಿಡಿ. ನಮ್ಮಲ್ಲಿ ಕಾಸರಗೋಡು ಗಿಡ್ಡ ತಳಿಯ ಮೂರು ದನ ಇವೆ. ಹಾಲು ಕಡಿಮೆ, ಆದರೆ ಎ2. ಜರ್ಸಿ, ಎಚ್‌ಎಫ್ ಹಾಲಿನಿಂದಲೇ ಮಕ್ಕಳಿಗೆ ಕಫ, ಅಲರ್ಜಿ, ಮಲಬದ್ಧತೆ ಎಲ್ಲ ಬರುವುದು. ಗಿಡ್ಡ ದನದ ಹಾಲು ಕರೆದ ಬಿಸಿ ಬಿಸಿಯಲ್ಲೇ ಕೊಟ್ಟರೆ ಈ ಎಂಎಲ್ ಲೆಕ್ಕವೇ ಬೇಕಿಲ್ಲ. ನನ್ನ ಮೊಮ್ಮಗ ಎಷ್ಟು ಬೇಕಾದರೂ ಕುಡಿಯುತ್ತಾನೆ, ಕಲ್ಲಿನ ಹಾಗಿದ್ದಾನೆ.

ನ್ಯೂಟ್ರಿಷನಿಸ್ಟ್, ಬದಿಯಡ್ಕ

ಅಣ್ಣ, ಗಿಡ್ಡ ದನ ಸಾಕಿ ಉಳಿಸುತ್ತಿದ್ದೀರಿ, ಅದು ದೊಡ್ಡ ಕೆಲಸ. ಮನೆಯ ಹಟ್ಟಿಯ ಹಾಲು ನೀರು ಬೆರೆಸದ್ದು, ಕೊಬ್ಬು ತೆಗೆಯದ್ದು, ಅದೂ ಒಳ್ಳೆಯದೇ. ಆದರೆ ಎ1, ಎ2 ಅನ್ನುವುದು ಹಾಲಿನ ಒಂದು ಪ್ರೋಟೀನಿನಲ್ಲಿ ಇರುವ ಸಣ್ಣ ವ್ಯತ್ಯಾಸ ಅಷ್ಟೇ. ಕಬ್ಬಿಣ ಎರಡರಲ್ಲೂ ಅಷ್ಟೇ ಕಡಿಮೆ. ಹಾಲಿನ ಅಲರ್ಜಿ ಇರುವ ಮಗುವಿಗೆ ಗಿಡ್ಡ ದನದ ಹಾಲಿನಿಂದಲೂ ಅಲರ್ಜಿ ಆಗುತ್ತದೆ. ಎಂಎಲ್ ಲೆಕ್ಕ ಯಾವ ದನಕ್ಕೂ ಬದಲಾಗುವುದಿಲ್ಲ.

ಕರೆದ ಬಿಸಿಯಲ್ಲೇ ಕೊಡುವುದು ಮಾತ್ರ ದಯವಿಟ್ಟು ಬೇಡ. ಹಸಿ ಹಾಲಿನಿಂದ ಬ್ರುಸೆಲ್ಲಾ ಬರುತ್ತದೆ, ಕ್ಷಯವೂ ಬರಬಹುದು. ನೋಡಲು ಚೆನ್ನಾಗಿಯೇ ಇರುವ ದನದಲ್ಲೂ ಇವು ಇರುತ್ತವೆ. ಹಾಲು ಉಕ್ಕಿ ಬಂದ ಮೇಲೆ ಉರಿ ಸಣ್ಣ ಮಾಡಿ ಒಂದೆರಡು ನಿಮಿಷ ಕೈಯಾಡಿಸಿ ಇಳಿಸಿ.

ಮುಳ್ಳೇರಿಯದ ಹಟ್ಟಿ

ಕುದಿಸುವ ಮಾತು ಪಶುವೈದ್ಯರೂ ಹೇಳಿದ್ದಾರೆ, ಅದು ಸರಿ. ಎ2 ವಿಷಯದಲ್ಲಿ ನನ್ನ ಅನುಭವ ಬೇರೆ. ನಾನು ಬಿಡುವುದಿಲ್ಲ.

---

ಮಂಜೇಶ್ವರದ ತಾಯಿ

ಅಕ್ಕ, ನನ್ನ ಮಗುವಿಗೆ 7 ತಿಂಗಳು. ನಾನು ಕೆಲಸಕ್ಕೆ ಹೋಗಲು ಶುರು ಮಾಡಿದ್ದೇನೆ. ನೀವು ಹೇಳಿದ ಹಾಗೆ 4 ಸ್ಕೂಪ್‌ನಿಂದ ಶುರು ಮಾಡುತ್ತೇನೆ. ದಿನಕ್ಕೆ 450 ಸಾಕಾ?

ನ್ಯೂಟ್ರಿಷನಿಸ್ಟ್, ಬದಿಯಡ್ಕ

ಇಲ್ಲಮ್ಮಾ, ಇದು 12 ತಿಂಗಳು ತುಂಬಿದ ಮಕ್ಕಳಿಗೆ ಬರೆದದ್ದು. ನಿಮ್ಮ ಮಗುವಿಗೆ ಈಗ ಎದೆಹಾಲೇ ಮುಖ್ಯ. ಬೆಳಿಗ್ಗೆ ಹೋಗುವ ಮೊದಲು, ಬಂದ ಮೇಲೆ, ರಾತ್ರಿ ಕುಡಿಸಿ. ಹಗಲಿಗೆ ಹಿಂಡಿ ಇಡಲು ಆಗುತ್ತದೆಯಾ ನೋಡಿ. ಆಗದಿದ್ದರೆ ಆ ಹೊತ್ತಿಗೆ ಮಾತ್ರ ಹುಡಿ ಹಾಲು. ಮೆತ್ತಗಿನ ಊಟ ದಿನಕ್ಕೆ ಎರಡು ಮೂರು ಸಲ ಇರಲಿ. ಊಟದ ಜೊತೆ ಒಂದೆರಡು ಚಮಚ ಮೊಸರು ಆಗಬಹುದು. ಕುಡಿಯುವ ಹಾಲಾಗಿ ದನದ ಹಾಲು ಈಗ ಬೇಡ. ಈ ವಯಸ್ಸಿನಲ್ಲಿ ಕೆಲವು ಮಕ್ಕಳಿಗೆ ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಒಸರುತ್ತದೆ.

ಕುಂಬಳೆಯ ಫಾರ್ಮಸಿಸ್ಟ್

ಇಲ್ಲಿ ಒಂದು ಮಾತು ಸೇರಿಸಬೇಕು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 6ರಿಂದ 23 ತಿಂಗಳ ಮಕ್ಕಳ ಆಹಾರದ ಬಗ್ಗೆ ಹೊಸ ಗೈಡ್‌ಲೈನ್ ಕೊಟ್ಟಿದೆ. ಎದೆಹಾಲಲ್ಲದೆ ಬೇರೆ ಹಾಲು ಕುಡಿಯುವ 6ರಿಂದ 11 ತಿಂಗಳ ಮಗುವಿಗೆ ಹುಡಿ ಹಾಲು ಅಥವಾ ಪ್ರಾಣಿಯ ಹಾಲು, ಎರಡರಲ್ಲಿ ಯಾವುದಾದರೂ ಆಗಬಹುದು ಅಂತ ಅದರಲ್ಲಿದೆ. 12 ತಿಂಗಳಾದ ಮೇಲೆ ಪ್ರಾಣಿಯ ಹಾಲು ಕೊಡಿ, 'ಸ್ಟೇಜ್ 3' ತರದ ಫಾಲೋಅಪ್ ಫಾರ್ಮುಲಾ ಬೇಡ ಅಂತಲೂ ಇದೆ. ಮೇಡಂ 7 ತಿಂಗಳಿಗೆ ಅಷ್ಟು ಖಡಾಖಂಡಿತವಾಗಿ ಬೇಡ ಅಂದರು. ಡಬ್ಬಿ ಕೊಳ್ಳಲು ಆಗದ ಮನೆಯವರು ಇದನ್ನು ಓದಿ, ಹುಡಿಗೆ ನೀರು ಜಾಸ್ತಿ ಮಾಡಿ ತಿಂಗಳೆಲ್ಲ ಎಳೆಯುತ್ತಾರೆ. ಕೌಂಟರಿನಲ್ಲಿ ನಾನು ಅದನ್ನು ನೋಡುತ್ತೇನೆ.

ನ್ಯೂಟ್ರಿಷನಿಸ್ಟ್, ಬದಿಯಡ್ಕ

ನೀವು ಹೇಳಿದ ಗೈಡ್‌ಲೈನ್ ನಿಜ. ನೀರಾದ ಹುಡಿ ಹಾಲಿಗಿಂತ ಕುದಿಸಿದ ದನದ ಹಾಲು ಎಷ್ಟೋ ಮೇಲು, ಅದನ್ನೂ ಒಪ್ಪುತ್ತೇನೆ. ಆದರೆ ಆ ದಾರಿ ಹಿಡಿದರೆ ಕಬ್ಬಿಣ ಬೇರೆ ಕಡೆಯಿಂದ ತಪ್ಪದೆ ಸಿಗಬೇಕು. 7 ತಿಂಗಳ ಮಗು ದಿನಕ್ಕೆ ಎಷ್ಟು ತಿನ್ನುತ್ತದೆ ಹೇಳಿ? ಸಿರಪ್ ತಪ್ಪದೆ ಹಾಕುವ ಮನೆಗಳೂ ಕಡಿಮೆ. ಹಾಗಾಗಿ ಕೊಳ್ಳುವ ಶಕ್ತಿ ಇದ್ದವರಿಗೆ ನಾನು ಈಗಲೂ 12 ತಿಂಗಳು ಅಂತಲೇ ಹೇಳುತ್ತೇನೆ. ನಮ್ಮ ಹೆಚ್ಚಿನ ಮಕ್ಕಳ ಡಾಕ್ಟರುಗಳೂ ಹಾಗೇ ಹೇಳುವುದು.

ಕುಂಬಳೆಯ ಫಾರ್ಮಸಿಸ್ಟ್

ಕೊಳ್ಳುವ ಶಕ್ತಿ ಇಲ್ಲದವರಿಗೆ ಏನು ಹೇಳಬೇಕು ಅನ್ನುವುದು ಹಾಗೇ ಉಳಿಯಿತು ಮೇಡಂ. ಅವರಿಗೂ ಒಂದು ಸ್ಪಷ್ಟ ಮಾತು ಬೇಕು.

---

ಅಡೂರಿನ ಚಿಕ್ಕಮ್ಮ

ಹಾಲು ಜಾಸ್ತಿಯಾದರೆ ಏನಾಗುತ್ತದೆ ಅಂತ ನಮ್ಮ ಮನೆಯಲ್ಲೇ ನೋಡಿದ್ದೇವೆ. ಅಕ್ಕನ ಮಗ, ಒಂದು ವರ್ಷ ಎಂಟು ತಿಂಗಳು. ಊಟ ಬೇಡ, ಹಾಲು ಮಾತ್ರ ಬೇಕು. ಮನೆಯಲ್ಲೇ ದನ ಇದ್ದದ್ದರಿಂದ ಕೇಳಿದಾಗೆಲ್ಲ ಕೊಟ್ಟರು. ದಿನಕ್ಕೆ ಒಂದು ಲೀಟರ್ ದಾಟುತ್ತಿತ್ತು. ಗುಂಡಗೆ, ಬೆಳ್ಳಗೆ ಇದ್ದ. ಬಂದವರೆಲ್ಲ ಎಷ್ಟು ಬಿಳಿ ಮಗು ಅಂತ ಹೊಗಳುತ್ತಿದ್ದರು. ಆಮೇಲೆ ಅಂಗಳದ ಮಣ್ಣು ತಿನ್ನತೊಡಗಿದ. ಗೋಡೆಯ ಸುಣ್ಣ ಕೆರೆದು ಬಾಯಿಗೆ ಹಾಕುತ್ತಿದ್ದ. ಜಂತುಹುಳ ಅಂತ ಮದ್ದು ಕೊಟ್ಟರು, ನಿಲ್ಲಲಿಲ್ಲ. ಒಂದು ದಿನ ಜ್ವರ ಅಂತ ಕರೆದುಕೊಂಡು ಹೋದಾಗ ಡಾಕ್ಟರ್ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಅಂಗೈ ಬಿಡಿಸಿ ನೋಡಿದರು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 7.4.

ನ್ಯೂಟ್ರಿಷನಿಸ್ಟ್, ಬದಿಯಡ್ಕ

ನಾನು ಹೇಳಬೇಕೆಂದಿದ್ದದ್ದೇ ಇದು. ಈ ವಯಸ್ಸಿಗೆ 11 ಇರಬೇಕು. ತೂಕ ಚೆನ್ನಾಗಿರುವ ಮಗುವಿಗೂ ಹೀಗಾಗುತ್ತದೆ, ಯಾಕೆಂದರೆ ಒಂದು ಲೀಟರ್ ಹಾಲಿನಲ್ಲಿ 600 ಕ್ಯಾಲರಿಗಿಂತ ಜಾಸ್ತಿ ಇದೆ. ತೂಕದ ಚಾರ್ಟ್ ನೋಡಿದರೆ ಎಲ್ಲ ಸರಿ ಅಂತಲೇ ಕಾಣುತ್ತದೆ. ಬಿಳುಪು, ಮಣ್ಣು ತಿನ್ನುವುದು, ಊಟ ಬೇಡ ಅನ್ನುವುದು, ಆಡುವಾಗ ಬೇಗ ಸುಸ್ತಾಗುವುದು. ಇದರಲ್ಲಿ ಯಾವುದೇ ಕಂಡರೂ ರಕ್ತ ಪರೀಕ್ಷೆ ಮಾಡಿಸಿ. ಇನ್ನೂ ಕಷ್ಟ ಏನೆಂದರೆ, ಕಬ್ಬಿಣ ಕಡಿಮೆಯಾದ ಮಗುವಿಗೆ ಹಸಿವೂ ಕಡಿಮೆ. ಹಸಿವಿಲ್ಲ ಅಂತ ಮನೆಯವರು ಇನ್ನೂ ಹಾಲು ಕೊಡುತ್ತಾರೆ.

ಆಮೇಲೆ ಏನು ಮಾಡಿದರು?

ಅಡೂರಿನ ಚಿಕ್ಕಮ್ಮ

ಡಾಕ್ಟರ್ ಐರನ್ ಡ್ರಾಪ್ಸ್ ಬರೆದುಕೊಟ್ಟರು, ಹಾಲಿನ ಜೊತೆ ಕೊಡಬಾರದು ಅಂದರು. ಹಾಲು 400ಕ್ಕೆ ಇಳಿಸಲು ಹೇಳಿದರು. ಮೊದಲ ವಾರ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ, ಅಷ್ಟು ಅಳು. ಭಾವ ಬಾಟಲಿಗಳನ್ನೆಲ್ಲ ಅಟ್ಟಕ್ಕೆ ಹಾಕಿಬಿಟ್ಟರು. ಒಂದು ತಿಂಗಳ ನಂತರ ಪರೀಕ್ಷೆ ಮಾಡಿಸಿದಾಗ 9 ದಾಟಿತ್ತು. ಮಣ್ಣು ತಿನ್ನುವುದು ಅದಕ್ಕೂ ಮೊದಲೇ ನಿಂತಿತ್ತು. ಹಿಮೋಗ್ಲೋಬಿನ್ ಸರಿಯಾದ ಮೇಲೂ ಡ್ರಾಪ್ಸ್ ಕೆಲವು ತಿಂಗಳು ಮುಂದುವರಿಸಿದರು.

---

ಆಶಾ, ಎಣ್ಮಕಜೆ

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಐರನ್ ಸಿರಪ್ ಬಗ್ಗೆ ಯಾರೂ ಸರಿಯಾಗಿ ಹೇಳುತ್ತಿಲ್ಲ. 6 ತಿಂಗಳಿಂದ 5 ವರ್ಷದವರೆಗಿನ ಮಕ್ಕಳಿಗೆ ಸರಕಾರದಿಂದಲೇ ಐಎಫ್‌ಎ ಸಿರಪ್ ಇದೆ. ವಾರಕ್ಕೆ ಎರಡು ಸಲ, ಒಂದು ಸಲಕ್ಕೆ 1 ಎಂಎಲ್. ಅದರಲ್ಲಿ 20 ಮಿಲಿಗ್ರಾಂ ಕಬ್ಬಿಣ. ಹಣ ಕೊಡಬೇಕಿಲ್ಲ. ಆದರೆ ಅರ್ಧ ಮನೆಗಳಲ್ಲಿ ಬಾಟಲಿ ಕಿಟಕಿಯ ಮೇಲೆ ಧೂಳು ಹಿಡಿದು ಕೂತಿರುತ್ತದೆ. ಕೇಳಿದರೆ ಮಲ ಕಪ್ಪಾಯಿತು, ಹೆದರಿ ನಿಲ್ಲಿಸಿದೆವು ಅನ್ನುತ್ತಾರೆ. ಕಪ್ಪಾಗುವುದು ಸಹಜ. ಹಲ್ಲಿಗೆ ಕಲೆ ಆಗದಂತೆ ನಾಲಿಗೆಯ ಹಿಂಬದಿಗೆ ಬಿಡಿ, ಮೇಲೆ ಸ್ವಲ್ಪ ನೀರು ಕುಡಿಸಿ. ಜ್ವರ, ಭೇದಿ ಇರುವಾಗ ಬೇಡ. ಥಲಸ್ಸೇಮಿಯಾ ಇರುವ ಮಕ್ಕಳಿಗೆ ಡಾಕ್ಟರನ್ನು ಕೇಳದೆ ಕೊಡಬಾರದು. ಬಾಟಲಿಯನ್ನು ಮಕ್ಕಳ ಕೈಗೆ ಸಿಗುವಲ್ಲಿ ಇಡಬೇಡಿ. ಸಿಹಿ ಅಂತ ಒಟ್ಟಿಗೆ ಕುಡಿದುಬಿಟ್ಟರೆ ಜೀವಕ್ಕೇ ಅಪಾಯ.

ಅಂಗನವಾಡಿಯಲ್ಲಿ ಸಿಗುವ ಅಮೃತಂ ಹುಡಿಯನ್ನೂ ಸುಮಾರು ಜನ ದನಕ್ಕೆ ಹಾಕುತ್ತಾರೆ, ನೋಡಿ ಹೊಟ್ಟೆ ಉರಿಯುತ್ತದೆ. ಗೋಧಿ, ಕಡಲೆ, ನೆಲಗಡಲೆ, ಸೋಯಾ ಹುರಿದು ಕುಟುಂಬಶ್ರೀಯವರು ಮಾಡುವುದು. 11 ಗಂಟೆಯ ಬಾಟಲಿಯ ಜಾಗಕ್ಕೆ ಅದನ್ನೇ ನೀರಲ್ಲಿ ಬೇಯಿಸಿ ಕೊಡಬಹುದು ಅಲ್ವಾ ಮೇಡಂ?

ನ್ಯೂಟ್ರಿಷನಿಸ್ಟ್, ಬದಿಯಡ್ಕ

ಖಂಡಿತ ಕೊಡಬಹುದು ಅಕ್ಕ. ಅದರಲ್ಲಿ ಸಕ್ಕರೆ ಮೊದಲೇ ಇದೆ, ಮೇಲಿಂದ ಬೆಲ್ಲ, ಸಕ್ಕರೆ ಹಾಕಬಾರದು. ಹಾಲಿನಲ್ಲಿ ಬೇಯಿಸಿದರೆ ಆ ಹಾಲನ್ನೂ 500ರ ಒಳಗೆ ಲೆಕ್ಕ ಹಿಡಿಯಬೇಕು. ಸಿರಪ್ ವಿಷಯ ನೀವು ಬರೆದದ್ದು ಒಳ್ಳೆಯದಾಯಿತು. ಎಲ್ಲರೂ ಒಮ್ಮೆ ಮನೆಯ ಕಿಟಕಿ ನೋಡಿ.

---

ನೀರ್ಚಾಲಿನ ಅಮ್ಮ

ನಮ್ಮದು ಸಸ್ಯಾಹಾರದ ಮನೆ. ಮೊಟ್ಟೆಯೂ ಇಲ್ಲ, ಮೀನೂ ಇಲ್ಲ. ಮಗನಿಗೆ 15 ತಿಂಗಳು. ಹಾಲು ಕಡಿಮೆ ಮಾಡಿದರೆ ಅವನಿಗೆ ಪ್ರೋಟೀನ್ ಎಲ್ಲಿಂದ? ದಿನಾ ಎರಡು ಹೊತ್ತು ರಾಗಿ ಮಣ್ಣಿ ಕೊಡುತ್ತೇನೆ, ಹಾಲು ಹಾಕಿ. ರಾಗಿಯಲ್ಲಿ ಕಬ್ಬಿಣ ಇದೆ ಅಂತ ಎಲ್ಲರೂ ಹೇಳುತ್ತಾರಲ್ಲ.

ನ್ಯೂಟ್ರಿಷನಿಸ್ಟ್, ಬದಿಯಡ್ಕ

ಪ್ರೋಟೀನಿನ ಚಿಂತೆ ಬಿಡಿ. 450 ಎಂಎಲ್ ಹಾಲಿನಲ್ಲೇ ಸುಮಾರು 14 ಗ್ರಾಂ ಸಿಗುತ್ತದೆ, ಈ ವಯಸ್ಸಿಗೆ ಹೆಚ್ಚುಕಡಿಮೆ ಅದೇ ಸಾಕು. ಅದರ ಮೇಲೆ ಅನ್ನ ಬೇಳೆಯಿಂದಲೂ ಬರುತ್ತದೆ. ಕಷ್ಟ ಇರುವುದು ಕಬ್ಬಿಣದ್ದೇ.

ರಾಗಿ ಒಳ್ಳೆಯದು, ಆದರೆ ಅದರ ಹೆಸರಿರುವುದು ಕ್ಯಾಲ್ಸಿಯಂಗೆ. ಇರುವ ಕಬ್ಬಿಣವನ್ನೂ ಅದರ ಫೈಟೇಟ್, ಟ್ಯಾನಿನ್ ಹಿಡಿದಿಡುತ್ತವೆ. ಅದರ ಮೇಲೆ ನೀವು ಹಾಲನ್ನೂ ಹಾಕುತ್ತೀರಿ. ಮೊಳಕೆ ಬರಿಸಿ ಹುಡಿ ಮಾಡಿದರೆ ಸ್ವಲ್ಪ ವಾಸಿ. ಮಣ್ಣಿ ಒಂದು ಹೊತ್ತು ಸಾಕು. ಇನ್ನೊಂದು ಹೊತ್ತಿಗೆ ಮೊಳಕೆ ಬಂದ ಹೆಸರುಕಾಳನ್ನು ಅನ್ನದ ಜೊತೆ ಚೆನ್ನಾಗಿ ಬೇಯಿಸಿ, ಅದಕ್ಕೆ ಹೆಚ್ಚಿದ ಹರಿವೆ ಅಥವಾ ನುಗ್ಗೆ ಸೊಪ್ಪು ಒಂದು ಹಿಡಿ, ಇಳಿಸುವಾಗ ಒಂದು ಚಮಚ ತುಪ್ಪ. ಬಟ್ಟಲಿಗೆ ಹಾಕಿ ಆರಿದ ಮೇಲೆ ಅರ್ಧ ಚಮಚ ನಿಂಬೆರಸ ಹಿಂಡಿ. ಒಲೆಯ ಮೇಲೆ ಹಿಂಡಿದರೆ ವಿಟಮಿನ್ ಸಿ ಹಾಳಾಗುತ್ತದೆ, ಕಬ್ಬಿಣ ಹೀರಲು ಬೇಕಾದ್ದು ಅದೇ. ಊಟದ ಮೇಲೆ ಮೊಸರಿನ ಬದಲು ಬೀಜ ತೆಗೆದ ಪೇರಳೆ ಹಣ್ಣು ಕಿವುಚಿ ಕೊಡಿ. ಮೊಸರು ಸಂಜೆಗೆ ಇರಲಿ.

ಇಷ್ಟು ಮಾಡಿದರೂ ಸಸ್ಯಾಹಾರದಲ್ಲಿ ಈ ವಯಸ್ಸಿಗೆ ದಿನಾ 8 ಮಿಲಿಗ್ರಾಂ ಮುಟ್ಟಿಸುವುದು ಸುಲಭ ಅಲ್ಲ. ಆಶಾ ಅಕ್ಕ ಹೇಳಿದ ಸಿರಪ್ ನಿಮ್ಮ ಮಗನಿಗೆ ಒಂದು ವಾರವೂ ತಪ್ಪಬಾರದು. ಮೀನು ಮಾಂಸ ತಿನ್ನುವ ಮನೆಯವರಿಗೆ ಇಷ್ಟು ತಾಪತ್ರಯ ಇಲ್ಲ. ಮೊಟ್ಟೆ, ಮುಳ್ಳು ತೆಗೆದ ಬೂತಾಯಿ, ವಾರಕ್ಕೊಮ್ಮೆ ಬೇಯಿಸಿ ಮಸೆದ ಕೋಳಿ ಲಿವರ್ ಒಂದೆರಡು ಚಮಚ ಕೊಟ್ಟರೆ ತುಂಬಾ ವ್ಯತ್ಯಾಸ ಆಗುತ್ತದೆ.

ನೀರ್ಚಾಲಿನ ಅಮ್ಮ

ಊಟದ ಕೊನೆಗೆ ಮೊಸರನ್ನ ಇಲ್ಲದಿದ್ದರೆ ಅತ್ತೆಗೆ ಅದು ಊಟವೇ ಅಲ್ಲ! ಆದರೂ ನೋಡುತ್ತೇನೆ.

---

ಉಪ್ಪಳದ ಅಪ್ಪ

ಡಾಕ್ಟರ್ ನೋಡಿದರು. ಭಯ ಪಡುವಂಥದ್ದು ಇಲ್ಲ, ಆ ಮಿಕ್ಸ್ ನಿಲ್ಲಿಸಿ, ನೀರು ಹಣ್ಣು ಜಾಸ್ತಿ ಕೊಡಿ ಅಂದರಂತೆ. ಇನ್ನೊಂದು ಪ್ರಶ್ನೆ. ಪ್ಯಾಕೆಟ್ ಹಾಲಿನಲ್ಲಿ ಯಾವುದು ತರಬೇಕು? ಅಂಗಡಿಯಲ್ಲಿ ಟೋನ್ಡ್ ಕೊಡುತ್ತಾರೆ. ಮಕ್ಕಳಿಗೆ ಫುಲ್ ಕ್ರೀಮೇ ಆಗಬೇಕು ಅಂತ ನನ್ನ ಅಕ್ಕ ಹೇಳುತ್ತಾಳೆ.

ಕುಂಬಳೆಯ ಫಾರ್ಮಸಿಸ್ಟ್

ಪ್ಯಾಕೆಟಿನ ಮೇಲೆ ಕೊಬ್ಬಿನ ಅಂಕಿ ಇರುತ್ತದೆ, ಅದನ್ನು ನೋಡಿ. ಟೋನ್ಡ್ 3, ಸ್ಟ್ಯಾಂಡರ್ಡೈಸ್ಡ್ 4.5, ಫುಲ್ ಕ್ರೀಮ್ 6, ಡಬಲ್ ಟೋನ್ಡ್ 1.5. ಎರಡು ವರ್ಷದವರೆಗೆ ಮಕ್ಕಳಿಗೆ ಕೊಬ್ಬು ಬೇಕು, ಡಬಲ್ ಟೋನ್ಡ್ ಮಾತ್ರ ಬೇಡವೇ ಬೇಡ. ನನ್ನ ಪ್ರಕಾರ ಫುಲ್ ಕ್ರೀಮ್ ಸರಿ. ನಿಮ್ಮ ಅಕ್ಕ ಹೇಳಿದ್ದು ತಪ್ಪಲ್ಲ.

ನ್ಯೂಟ್ರಿಷನಿಸ್ಟ್, ಬದಿಯಡ್ಕ

ನಾನು 4.5ರದ್ದನ್ನು ಆರಿಸುತ್ತೇನೆ, ದನದ ಹಾಲಿನ ಸಹಜ ಹದಕ್ಕೆ ಹತ್ತಿರ ಅಂತ. ಫುಲ್ ಕ್ರೀಮ್‌ನಿಂದ ಹಾನಿ ಇಲ್ಲ, ಆದರೆ ಕಡಿಮೆ ಉಣ್ಣುವ ಮಗುವಿಗೆ ಅದು ಇನ್ನೂ ಬೇಗ ಹೊಟ್ಟೆ ತುಂಬಿಸುತ್ತದೆ. ತೂಕ ಕಡಿಮೆ ಇರುವ ಮಗುವಾದರೆ ನಾನೇ ಅದನ್ನು ಹೇಳುತ್ತೇನೆ. ಟೋನ್ಡ್ ಮಾತ್ರ ಸಿಗುವುದಾದರೆ ಅದನ್ನೇ ಕೊಡಿ, ಕೆನೆ ತೆಗೆಯಬೇಡಿ, ಊಟಕ್ಕೆ ಒಂದು ಚಮಚ ತುಪ್ಪ ಅಥವಾ ತೆಂಗಿನೆಣ್ಣೆ ಹಾಕಿ.

ಉಪ್ಪಳದ ಅಪ್ಪ

ಸರಿ ಮೇಡಂ. ನಾಳೆಯಿಂದ ಪುನಃ 4 ಸ್ಕೂಪ್‌ನಿಂದ, ಈ ಸಲ ನೀರಿನಲ್ಲೇ. ಭೇದಿ ಶುರುವಾದರೆ ಹಿಂದಿನ ಮೆಟ್ಟಿಲಿಗೆ ಹೋಗಬೇಕಾ, ಪೂರ್ತಿ ನಿಲ್ಲಿಸಬೇಕಾ?

ನ್ಯೂಟ್ರಿಷನಿಸ್ಟ್, ಬದಿಯಡ್ಕ

ಒಂದೆರಡು ಸಲ ಸಡಿಲವಾದರೆ ಇದ್ದ ಮೆಟ್ಟಿಲಲ್ಲೇ ಇನ್ನೆರಡು ದಿನ ನಿಲ್ಲಿ. ನೀರಿನ ಹಾಗೆ ಭೇದಿಯಾದರೆ ಹಿಂದಿನ ಮೆಟ್ಟಿಲಿಗೆ ಬನ್ನಿ, ಓಆರ್‌ಎಸ್ ಕೊಡಿ, ಊಟ ನಿಲ್ಲಿಸಬೇಡಿ. ಮಲದಲ್ಲಿ ರಕ್ತ ಕಂಡರೆ, ಕುಡಿದ ಸ್ವಲ್ಪ ಹೊತ್ತಿನಲ್ಲಿ ಮೈಯಲ್ಲಿ ದದ್ದು ಎದ್ದರೆ, ಬಿಡದೆ ವಾಂತಿಯಾದರೆ ದನದ ಹಾಲು ನಿಲ್ಲಿಸಿ ಡಾಕ್ಟರಲ್ಲಿಗೆ ಹೋಗಿ. ತುಟಿ, ಮುಖ ಊದಿದರೆ, ಉಸಿರಾಟಕ್ಕೆ ಕಷ್ಟವಾದರೆ ಒಂದು ನಿಮಿಷವೂ ಕಾಯದೆ ಹತ್ತಿರದ ಆಸ್ಪತ್ರೆಗೆ. ನಿಮ್ಮ ಮಗ ಇಷ್ಟು ದಿನ ಕುಡಿದ ಹುಡಿಯೂ ಸಾಮಾನ್ಯ ದನದ ಹಾಲಿನದ್ದೇ ಆಗಿದ್ದರೆ ಅಲರ್ಜಿಯ ಸಾಧ್ಯತೆ ತುಂಬಾ ಕಡಿಮೆ. ಸೋಯಾದ್ದೋ, ಡಾಕ್ಟರ್ ಬರೆದುಕೊಟ್ಟ ಬೇರೆ ತರದ ಹುಡಿಯೋ ಆಗಿದ್ದರೆ ಅವರನ್ನು ಕೇಳದೆ ಶುರು ಮಾಡಬೇಡಿ. ಡಬ್ಬಿಯ ಮೇಲೆ ಏನು ಬರೆದಿದೆ ಅಂತ ಮನೆಯವರಲ್ಲಿ ಒಂದು ಫೋಟೋ ತೆಗೆದು ಕಳಿಸಲು ಹೇಳಿ.